ಒಬ್ಬರೇ ಬಂದರೂ ‘ಬಂದರು’: ಗೌರವ ಬಹುವಚನದ ಟಿಪ್ಪಣಿ

ಮೊದಲು ಸುಲಭದ ಭಾಗ ಮುಗಿಸಿಬಿಡೋಣ. ಅವನು ಬಂದನು, ಅವಳು ಬಂದಳು, ಅದು ಬಂದಿತು. ಮಾತಿನಲ್ಲಿ ಬಂದ, ಬಂದ್ಲು, ಬಂತು. ಬಹುವಚನಕ್ಕೆ ಹೋದ ಕೂಡಲೇ ಮೂರು ಎರಡಾಗುತ್ತದೆ. ಹುಡುಗರು ಬಂದರು, ಹುಡುಗಿಯರೂ ಬಂದರು, ನಾಯಿಗಳು ಬಂದವು. ಅಂದರೆ ಮನುಷ್ಯರಾದರೆ ಗಂಡು-ಹೆಣ್ಣು ಭೇದ ಕ್ರಿಯಾಪದದಲ್ಲಿ ಅಳಿಸಿಹೋಗುತ್ತದೆ, ಮನುಷ್ಯರೋ ಅಲ್ಲವೋ ಅನ್ನುವುದು ಮಾತ್ರ ಉಳಿಯುತ್ತದೆ. ‘ಮಗು’ ಒಂದು ತಮಾಷೆ: ಮಗು ಅಳುತ್ತದೆ, ಆದರೆ ಮಕ್ಕಳು ಅಳುತ್ತಾರೆ. ಒಂದಿದ್ದಾಗ ನಪುಂಸಕ, ಇನ್ನೊಂದು ಸೇರಿದರೆ ಮನುಷ್ಯರ ಸಾಲಿಗೆ ಬಡ್ತಿ. ನಾನು, ನೀನು ಇವೆರಡಕ್ಕೆ ಲಿಂಗದ ಗೊಡವೆಯೇ ಇಲ್ಲ.

ಇಷ್ಟು ಎಲ್ಲರಿಗೂ ಬರುತ್ತದೆ. ಸಿಕ್ಕಿಹಾಕಿಕೊಳ್ಳುವುದು ‘ಅಜ್ಜ ಬಂದರು’ ಅನ್ನುವಲ್ಲಿ.

‘ಅಜ್ಜ’ ಏಕವಚನ. ‘ಬಂದರು’ ಬಹುವಚನ. ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಇರಬೇಕು ಅಂತ ಮೊದಲ ಪಾಠದಲ್ಲೇ ಓದಿರುತ್ತೇವೆ, ಹಾಗಾಗಿ ಇಲ್ಲಿ ನಿಯಮ ಮುರಿದ ಹಾಗೆ ಕಾಣುತ್ತದೆ. ಮುರಿದಿಲ್ಲ. ಕ್ರಿಯಾಪದ ನೋಡುವುದು ನಾಮಪದದ ಬಾಲವನ್ನಲ್ಲ, ಆ ವ್ಯಕ್ತಿಯನ್ನು ಮಾತಾಡುವವರು ಎಲ್ಲಿ ಕೂರಿಸಿದ್ದಾರೆ ಅನ್ನುವುದನ್ನು. ಅಜ್ಜನನ್ನು ‘ಅವರು’ ಅಂತ ತೀರ್ಮಾನಿಸಿದ್ದರೆ ‘ಬಂದರು’, ‘ಅವನು’ ಅಂತ ತೀರ್ಮಾನಿಸಿದ್ದರೆ ‘ಬಂದ’. ‘ಅಜ್ಜ’ ಅನ್ನುವ ಪದ ಎರಡೂ ಕಡೆ ಹಾಗೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ಅಪ್ಪ ‘ಬಂದ್ರು’, ಅಮ್ಮ ‘ಬಂದ್ಲು’. ಅಮ್ಮನ ಮೇಲೆ ಗೌರವ ಕಡಿಮೆ ಅಂತಲ್ಲ, ಸಲಿಗೆ ಜಾಸ್ತಿ. ಅದೇ ಮನೆಯ ಸೊಸೆಯ ಬಾಯಲ್ಲಿ ಆ ಅಮ್ಮ ‘ಅತ್ತೆ ಬಂದ್ರು’ ಆಗುತ್ತಾಳೆ. ವ್ಯಕ್ತಿ ಒಬ್ಬಳೇ, ಪ್ರತ್ಯಯ ಬೇರೆ.

ಇದಕ್ಕೆ ನಾನು ಇಟ್ಟುಕೊಂಡಿರುವ ಅಡ್ಡದಾರಿ ಇದು. ವಾಕ್ಯ ಬರೆಯುವ ಮೊದಲು ಆ ವ್ಯಕ್ತಿಯ ಬದಲು ಯಾವ ಸರ್ವನಾಮ ಹಾಕುತ್ತೇನೆ ಅಂತ ಕೇಳಿಕೊಳ್ಳುವುದು. ‘ಅವರು’ ಅಂತ ಬಂದರೆ, ಅಲ್ಲಿಂದ ಮುಂದೆ ಆ ವ್ಯಕ್ತಿಯನ್ನು ಮುಟ್ಟುವ ಪ್ರತಿಯೊಂದು ಪದವೂ ‘ಅವರು’ ಸಾಲಿನದ್ದೇ. ಬರೀ ಕ್ರಿಯಾಪದ ತಿದ್ದಿದರೆ ಸಾಲದು. ಒಂದು ತುಣುಕು ತೆಗೆದುಕೊಳ್ಳಿ:

ಅಜ್ಜ ಬೆಳಿಗ್ಗೆ ಎದ್ದ. ತನ್ನ ಕನ್ನಡಕ ಹುಡುಕಿದ. ಅದು ಸಿಗಲಿಲ್ಲ. ಅವನಿಗೆ ಸಿಟ್ಟು ಬಂತು. ಕಾಫಿ ಕುಡಿಯದೆ ಹೊರಗೆ ಹೋದ.

ಇದನ್ನೇ ಗೌರವಕ್ಕೆ ತಂದರೆ:

ಅಜ್ಜ ಬೆಳಿಗ್ಗೆ ಎದ್ದರು. ತಮ್ಮ ಕನ್ನಡಕ ಹುಡುಕಿದರು. ಅದು ಸಿಗಲಿಲ್ಲ. ಅವರಿಗೆ ಸಿಟ್ಟು ಬಂತು. ಕಾಫಿ ಕುಡಿಯದೆ ಹೊರಗೆ ಹೋದರು.

ಎದ್ದರು, ಹುಡುಕಿದರು, ಹೋದರು ಇವನ್ನು ಯಾರೂ ಮರೆಯುವುದಿಲ್ಲ. ಜಾರುವುದು ‘ತನ್ನ’ ಹತ್ತಿರ. ‘ಅಜ್ಜ ತನ್ನ ಕನ್ನಡಕ ಹುಡುಕಿದರು’ ಅಂತ ಬರೆದರೆ ಅರ್ಥ ಆಗುತ್ತದೆ, ಆದರೆ ಕಿವಿಗೆ ಒಗ್ಗುವುದಿಲ್ಲ. ‘ತನ್ನ’ ಇದ್ದಲ್ಲಿ ‘ಹುಡುಕಿದ’, ‘ತಮ್ಮ’ ಇದ್ದಲ್ಲಿ ‘ಹುಡುಕಿದರು’. ಉದ್ದ ಪ್ರಬಂಧ ತಿದ್ದುವಾಗ ನಾನು ಮೊದಲು ಹುಡುಕುವುದು ಈ ‘ತನ್ನ’ವನ್ನೇ, ಯಾಕೆಂದರೆ ಅದು ಕ್ರಿಯಾಪದದಿಂದ ದೂರ ಇರುತ್ತದೆ, ಕಣ್ಣು ತಪ್ಪಿಸುತ್ತದೆ. ಹಾಗೆಯೇ ವಿಶೇಷಣದ ಬಾಲ: ‘ಅವರು ಒಳ್ಳೆಯವನು’ ಅನ್ನಲು ಆಗಲ್ಲ, ‘ಒಳ್ಳೆಯವರು’ ಅನ್ನಬೇಕು, ಆ ‘ಅವರು’ ಒಬ್ಬರೇ ಆಗಿದ್ದರೂ.

ಈಗ ಬದಲಾಗದೆ ಉಳಿದ ಪದಗಳನ್ನು ನೋಡಿ. ನನ್ನ ಪ್ರಕಾರ ಅಸಲಿ ಪಾಠ ಅಲ್ಲೇ ಇರುವುದು.

‘ಸಿಟ್ಟು ಬಂತು’ ಹಾಗೇ ಉಳಿಯಿತು. ಯಾಕೆ? ಆ ವಾಕ್ಯದಲ್ಲಿ ಬಂದದ್ದು ಅಜ್ಜ ಅಲ್ಲ, ಸಿಟ್ಟು. ಅಜ್ಜ ಚತುರ್ಥಿ ವಿಭಕ್ತಿಯಲ್ಲಿ, ‘ಅವರಿಗೆ’ ಆಗಿ ಪಕ್ಕಕ್ಕೆ ಕೂತಿದ್ದಾರೆ. ಗೌರವ ‘ಅವನಿಗೆ’ಯನ್ನು ‘ಅವರಿಗೆ’ ಮಾಡಿ ಅಲ್ಲಿಗೇ ನಿಲ್ಲುತ್ತದೆ, ಕ್ರಿಯಾಪದದ ತನಕ ಬರುವುದಿಲ್ಲ. ಜ್ವರ, ನೆನಪು, ನಿದ್ದೆ, ಹಸಿವು ಎಲ್ಲ ಹೀಗೇ. ಮೇಷ್ಟ್ರಿಗೆ ಜ್ವರ ಬಂದಿದೆ. ಮೇಡಂಗೆ ತಮಿಳೂ ಬರುತ್ತದೆ. ಇನ್ನೂ ಚೆನ್ನಾಗಿ ಗೊತ್ತಾಗುವುದು ‘ಇದೆ’ಯಲ್ಲಿ:

ಡಾಕ್ಟರಿಗೆ ಒಂದು ಕಾರಿದೆ.
ಡಾಕ್ಟರಿಗೆ ಒಬ್ಬ ಮಗನಿದ್ದಾನೆ.
ಡಾಕ್ಟರಿಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ.

ಡಾಕ್ಟರು ಮೂರರಲ್ಲೂ ಅವರೇ. ಕ್ರಿಯಾಪದ ಮೂರು ಬಗೆ. ಅದು ಕಾರನ್ನು, ಮಗನನ್ನು, ಹೆಣ್ಣುಮಕ್ಕಳನ್ನು ನೋಡುತ್ತಿದೆ. ಡಾಕ್ಟರ ಮೇಲಿನ ಗೌರವಕ್ಕೆ ‘ಒಬ್ಬ ಮಗನಿದ್ದಾರೆ’ ಅಂದರೆ ಗೌರವ ಹೋಗಿ ಮಗನ ತಲೆ ಮೇಲೆ ಕೂರುತ್ತದೆ. ಅನುಮಾನ ಬಂದಾಗ ‘ಏನು ಬಂತು? ಯಾರಿದ್ದಾರೆ?’ ಅಂತ ಕೇಳಿ. ಉತ್ತರದಲ್ಲಿ ‘-ಇಗೆ’ ಇಲ್ಲದೆ ಬರುವ ಪದವೇ ಕರ್ತೃ.

‘ಸಿಗಲಿಲ್ಲ’ದ ಕಾರಣ ಬೇರೆ. ಅಲ್ಲಿ ಹೊಂದಾಣಿಕೆಗೆ ಜಾಗವೇ ಇಲ್ಲ. ಅವನು ಬರಲಿಲ್ಲ, ಅವರು ಬರಲಿಲ್ಲ, ನಾಯಿಗಳು ಬರಲಿಲ್ಲ, ಎಲ್ಲ ಒಂದೇ. ಬರಬೇಕು, ಬರಬಹುದು, ಬರಲಿ, ಬರಬಾರದು ಇವೂ ಹಾಗೆಯೇ. ಬಂದರೆ, ಬಂದರೂ ಇವುಗಳ ಒಳಗಿನ ‘ರ’ ನೋಡಿ ಮೋಸ ಹೋಗಬೇಡಿ, ಅದು ಬಹುವಚನದ ‘ರು’ ಅಲ್ಲ. ‘ಅವನು ಬಂದರೆ ಹೇಳು’ ಸರಿಯಾದ ವಾಕ್ಯವೇ. ಆದರೆ ನಿಷೇಧದಲ್ಲೂ ಹಳೆಯ ಒಂದು ಬಗೆಗೆ ಪ್ರತ್ಯಯ ಉಂಟು. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಅನ್ನುವ ಗಾದೆಯ ‘ಕೊಡ’ ಅಂದರೆ ‘ಕೊಡನು’. ಪೂಜಾರಿಗೆ ಏಕವಚನವೇ. ಗೌರವ ಕೊಡುವ ಮನಸ್ಸು ಗಾದೆ ಕಟ್ಟಿದವರಿಗೆ ಇದ್ದಂತಿಲ್ಲ.

ಗಾದೆಯಲ್ಲಿ ದೇವರು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ, ನನಗೆ ಬಹಳ ಇಷ್ಟದ ಪದ. ‘ದೇವರು’ ಅಜ್ಜನ ತದ್ವಿರುದ್ಧ. ಪದದಲ್ಲಿ ‘ರು’ ಇದೆ, ಕ್ರಿಯಾಪದ ಏಕವಚನ: ದೇವರಿದ್ದಾನೆ, ದೇವರು ಕಾಪಾಡುತ್ತಾನೆ, ದೇವರು ದೊಡ್ಡವನು. ಅದೇ ದೇವರು ಯಾರದೋ ಮೈಮೇಲೆ ಬಂದರೆ ‘ಮೈಮೇಲೆ ದೇವರು ಬಂತು’, ನಪುಂಸಕ. ಮೇಷ್ಟ್ರು, ಸ್ವಾಮಿಗಳು ಇವರೆಲ್ಲ ‘ಬಂದರು’, ದೇವರು ಮಾತ್ರ ‘ಇದ್ದಾನೆ’. ನಾಮಪದದ ಬಾಲ ನೋಡಿ ಕ್ರಿಯಾಪದ ಹಾಕಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ಬರವಣಿಗೆಯಲ್ಲಿ ಇನ್ನೊಂದು ರೂಢಿ. ಹಳೆಯ ಅರಸರಿಗೂ ಕವಿಗಳಿಗೂ ಏಕವಚನ ನಡೆಯುತ್ತದೆ: ಇಮ್ಮಡಿ ಪುಲಿಕೇಶಿ ಹರ್ಷನನ್ನು ತಡೆದ, ಪಂಪ ಬರೆದ. ಹತ್ತಿರದ ಕಾಲದವರಿಗೆ ಬಹುವಚನ: ಬೇಂದ್ರೆ ಬರೆದರು, ನಾಲ್ವಡಿ ಕೃಷ್ಣರಾಜ ಒಡೆಯರು 1940ರಲ್ಲಿ ತೀರಿಕೊಂಡರು. ಬಸವಣ್ಣನ ಕಾಲ 12ನೇ ಶತಮಾನವಾದರೂ ‘ಬಸವಣ್ಣನವರು ಹೇಳಿದರು’ ಅನ್ನುವುದೇ ಹೆಚ್ಚು, ಹಾಗಾಗಿ ಇದು ಬರೀ ಕಾಲದ ಲೆಕ್ಕವೂ ಅಲ್ಲ. ಯಾವುದನ್ನು ಹಿಡಿದರೂ ಒಂದೇ ಬರಹದಲ್ಲಿ ‘ಬೇಂದ್ರೆ ಹುಟ್ಟಿದ’, ‘ಬೇಂದ್ರೆ ಬರೆದರು’ ಅಂತ ಬೆರೆಸಬೇಡಿ.

ಕೊನೆಗೆ ಒಂದು ತೊಡಕು. ‘ಅವರು ಬಂದರು’ ಅಂದಾಗ ಒಬ್ಬರೋ ಹತ್ತು ಜನರೋ, ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಲಿಂಗಕ್ಕೆ ಕ್ರಿಯಾಪದದಲ್ಲಿ ಮದ್ದಿಲ್ಲ, ಹೆಸರೋ ಸಂಬಂಧವೋ ಹೇಳಬೇಕು. ಸಂಖ್ಯೆಗೆ ಮದ್ದುಂಟು: ‘ಅವರೊಬ್ಬರೇ ಬಂದರು’, ‘ಅವರೆಲ್ಲ ಬಂದರು’. ‘ಒಬ್ಬ’ ಅಲ್ಲ, ‘ಒಬ್ಬರು’ ಅನ್ನುವುದನ್ನು ಗಮನಿಸಿ. ಎಣಿಕೆಯ ಪದಕ್ಕೂ ಗೌರವದ ‘ರು’ ಹತ್ತಿದೆ. ‘ನೀವು ಯಾವಾಗ ಬಂದಿರಿ?’ ಅನ್ನುವುದಕ್ಕೂ ಇದೇ ಉಪಾಯ, ‘ನೀವೊಬ್ಬರೇ’ ಅಥವಾ ‘ನೀವೆಲ್ಲ’ ಸೇರಿಸಿದರೆ ಆಯಿತು.