ಹತ್ತಿಕಾಳಿನಲ್ಲಿ ಎರಡೂವರೆ ಲಕ್ಷ ಲುಕ್ಸಾನು

ಹೊಲದಿಂದ ಬಿಡಿಸಿ ತಂದ ಹತ್ತಿ ಕೈಗೆ ಸಿಕ್ಕರೆ ಒಂದು ಎಸಳು ತೆಗೆದು ಎಳೆದು ನೋಡಿ. ಬೆರಳಿಗೆ ಗಟ್ಟಿಯಾಗಿ ಕಾಳು ತಗಲುತ್ತದೆ. ನೂಲೆಲ್ಲ ಆ ಕಾಳಿನ ಸಿಪ್ಪೆಗೇ ಬೇರುಬಿಟ್ಟಂತೆ ಅಂಟಿಕೊಂಡಿರುತ್ತದೆ. ಕಷ್ಟಪಟ್ಟು ಬಿಡಿಸಿದರೆ ಒಂದು ಕೈಯಲ್ಲಿ ಬಿಳಿ ಅರಳೆ, ಇನ್ನೊಂದು ಕೈಯಲ್ಲಿ ನಾಲ್ಕಾರು ಕಾಳು. ತೂಗಿದರೆ ಕಾಳೇ ಜಾಸ್ತಿ, ಹೆಚ್ಚು ಕಡಿಮೆ ಎರಡರಷ್ಟು. ದುಡ್ಡು ಜಾಸ್ತಿ ಬರುವುದು ಮಾತ್ರ ಅರಳೆಯಿಂದ.

ಜಿನ್ನಿಂಗ್ ಮಿಲ್ಲಿನಲ್ಲಿ ಇದೇ ಕೆಲಸವನ್ನು ಯಂತ್ರ ಮಾಡುತ್ತದೆ. ನಮ್ಮ ಕಡೆ ಹೆಚ್ಚಾಗಿರುವುದು ಡಬಲ್ ರೋಲರ್ ಜಿನ್. ಚರ್ಮ ಸುತ್ತಿದ ಎರಡು ಉರುಳೆಗಳು ತಿರುಗುತ್ತಿರುತ್ತವೆ. ಅವುಗಳ ಮೈಗೆ ಒತ್ತಿಕೊಂಡು ಅಲುಗಾಡದ ಚಾಕು ಇರುತ್ತದೆ. ನೂಲು ಚರ್ಮಕ್ಕೆ ಕಚ್ಚಿಕೊಂಡು ಚಾಕುವಿನ ಸಂದಿಯಲ್ಲಿ ನುಸುಳಿ ಹೋಗುತ್ತದೆ. ಕಾಳು ಅಲ್ಲಿ ತೂರಲಾರದು. ಮೇಲೆ ಕೆಳಗೆ ಆಡುವ ಇನ್ನೊಂದು ಚಾಕು ಅದನ್ನು ತಟ್ಟಿ ಬೀಳಿಸುತ್ತದೆ. ಆ ಕ್ಷಣದವರೆಗೆ ಅದು ಬರೀ ಹತ್ತಿ. ಆಮೇಲೆ ಎರಡು ಬೇರೆ ಬೇರೆ ಸರಕು. ಲೆಕ್ಕದವರು ಇದನ್ನು ಬೇರ್ಪಡುವ ಹಂತ ಅಂತಾರೆ. ಅಲ್ಲಿಯವರೆಗೆ ಆದ ಖರ್ಚೆಲ್ಲ ಎರಡಕ್ಕೂ ಸೇರಿದ ಜಂಟಿ ವೆಚ್ಚ.

ತರಬೇತಿಯ ದಿನಗಳಲ್ಲಿ ನನ್ನನ್ನು ಇಂಥ ಒಂದು ಮಿಲ್ಲಿಗೆ ಕಳಿಸಿದ್ದರು. ಒಂದು ಲಾಟು ಹತ್ತಿಯಲ್ಲಿ ಅರಳೆಯ ಖರ್ಚೆಷ್ಟು, ಕಾಳಿನ ಖರ್ಚೆಷ್ಟು ಅಂತ ಹಾಳೆ ಮಾಡಿಕೊಡುವುದು ನನ್ನ ಕೆಲಸ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಇಲ್ಲಿ ದುಂಡಗೆ ಮಾಡಿದ್ದೇನೆ, ಇವು ಇವತ್ತಿನ ಮಾರುಕಟ್ಟೆಯ ದರ ಅಂದುಕೊಳ್ಳಬೇಡಿ.

100 ಕ್ವಿಂಟಾಲ್ ಹತ್ತಿ ಬಂತು. ಕ್ವಿಂಟಾಲಿಗೆ 7,400 ರೂಪಾಯಿಯಂತೆ 7,40,000. ಜಿನ್ ಓಡಿಸಿದ್ದಕ್ಕೆ ಕೂಲಿ, ಕರೆಂಟು, ಚಾಕು ಮಸೆದದ್ದು ಎಲ್ಲ ಸೇರಿ 22,000. ಉದುರಿದ ಕಸ, ಮುರುಕು ನೂಲು ಮಾರಿ 2,000 ಬಂತು. ಅದನ್ನು ಕಳೆದರೆ ಜಂಟಿ ವೆಚ್ಚ 7,60,000. ಹೊರಬಿದ್ದದ್ದು 35 ಕ್ವಿಂಟಾಲ್ ಅರಳೆ, 64 ಕ್ವಿಂಟಾಲ್ ಕಾಳು. ಉಳಿದ ಒಂದು ಕ್ವಿಂಟಾಲ್ ಆ ಕಸದಲ್ಲಿ, ಧೂಳಿನಲ್ಲಿ, ಆರಿದ ತೇವದಲ್ಲಿ ಹೋಯಿತು.

ನಾನು ಸುಮ್ನೆ ತೂಕದ ಮೇಲೆ ಹಂಚಿಬಿಟ್ಟೆ. 7,60,000 ಅನ್ನು 99ರಿಂದ ಭಾಗಿಸಿದರೆ ಕ್ವಿಂಟಾಲಿಗೆ ಸುಮಾರು 7,677. ಅರಳೆಗೂ ಅಷ್ಟೇ, ಕಾಳಿಗೂ ಅಷ್ಟೇ. ಅರಳೆ ಮಾರುವುದು 16,000ಕ್ಕೆ. ಹಾಗಾಗಿ ಅದರಲ್ಲಿ 2,91,000 ಲಾಭ. ಕಾಳು ಮಾರುವುದು 3,750ಕ್ಕೆ. ಅದರಲ್ಲಿ 2,51,000 ನಷ್ಟ. ಕೂಡಿ ಕಳೆದರೆ 40,000 ಲಾಭ, ಅದು ಸರಿಯೇ. ಕೆಂಪು ಶಾಯಿಯಲ್ಲಿ ನಷ್ಟವನ್ನು ಬರೆದು, ಏನೋ ಕಂಡುಹಿಡಿದವನ ಹಾಗೆ ಸಾವ್ಕಾರರ ಮುಂದೆ ಹಾಳೆ ಇಟ್ಟೆ.

ಅವರು ಕನ್ನಡಕ ಏರಿಸಿ ನೋಡಿದರು. "ತಮ್ಮಾ, ಕಾಳಿನ್ಯಾಗ ಎರಡೂವರಿ ಲಕ್ಷ ಲುಕ್ಸಾನು ಅಂತಿ. ಹಂಗಾರ ನಾಳಿಂದ ಕಾಳು ಮಾಡೂದು ಬಿಟ್ಟು ಬರೇ ಅರಳಿ ಮಾಡಲೇನು?"

ಉತ್ತರ ಹೇಳಲಾಗಲಿಲ್ಲ. ಕಾಳು ಬಿಟ್ಟು ಅರಳೆ ಬರುವುದಿಲ್ಲ ಅಂತ ಗೊತ್ತಿರದ ಜನ ಇಲ್ಲ, ನನ್ನ ಹಾಳೆಗೆ ಮಾತ್ರ ಅದು ಗೊತ್ತಿರಲಿಲ್ಲ. ರೈತನಿಗೆ 7,400 ಕೊಟ್ಟಾಗ ಮಿಲ್ಲಿನವರು ಕಾಳಿನ ತೂಕಕ್ಕೂ ಅರಳೆಯ ತೂಕಕ್ಕೂ ಒಂದೇ ಬೆಲೆ ಕಟ್ಟಿರಲಿಲ್ಲ. ಇಷ್ಟು ಅರಳೆ ಬಂದೀತು, ಇಷ್ಟು ಕಾಳು ಬಂದೀತು, ಎರಡನ್ನೂ ಮಾರಿದರೆ ಇಷ್ಟಾದೀತು ಅಂತ ಅಂದಾಜು ಹಾಕಿಯೇ ಆ ದರ ಕೂಗಿದ್ದರು. ಹತ್ತಿಯಲ್ಲಿ ಅರಳೆ ಶೇಕಡಾ 33 ಬಂದೀತೋ 36 ಬಂದೀತೋ ಅನ್ನುವುದರ ಮೇಲೇ ಅವರು ಜಗ್ಗಾಡುವುದು.

ಹಾಗಾದರೆ ಖರ್ಚನ್ನೂ ಅದೇ ದಾರಿಯಲ್ಲಿ ಹಂಚಬಹುದು, ಅಲ್ವಾ? ಬೇರ್ಪಟ್ಟ ಆ ಗಳಿಗೆಯಲ್ಲಿ ಎರಡನ್ನೂ ಮಾರಿದರೆ ಯಾವುದಕ್ಕೆ ಎಷ್ಟು ಬರುತ್ತದೆ ಅಂತ ನೋಡಬೇಕು. ಅರಳೆ 35 ಕ್ವಿಂಟಾಲ್, 16,000ದಂತೆ 5,60,000. ಕಾಳು 64 ಕ್ವಿಂಟಾಲ್, 3,750ರಂತೆ 2,40,000. ಒಟ್ಟು ಎಂಟು ಲಕ್ಷ. ಅದರಲ್ಲಿ ಅರಳೆಯ ಪಾಲು ನೂರಕ್ಕೆ 70, ಕಾಳಿನದು 30. ಜಂಟಿ ವೆಚ್ಚವನ್ನೂ ಹಾಗೇ ಒಡೆದರೆ ಅರಳೆಗೆ 5,32,000, ಕಾಳಿಗೆ 2,28,000. ಅಂದರೆ ಅರಳೆಯ ಖರ್ಚು ಕ್ವಿಂಟಾಲಿಗೆ 15,200, ಕಾಳಿನದು ಸುಮಾರು 3,560. ಕೆಂಪು ಶಾಯಿ ಬೇಕಾಗಲೇ ಇಲ್ಲ.

ಒಂದು ತೊಡಕಿದೆ. ಜಿನ್ನಿನಿಂದ ಬಿದ್ದ ಸಡಿಲ ಅರಳೆಗೆ ಮಾರುಕಟ್ಟೆಯಲ್ಲಿ ದರ ಸಿಗುವುದು ಕಷ್ಟ. ಅರಳೆಯನ್ನು ಒತ್ತಿ 170 ಕೆ.ಜಿ.ಯ ಬೇಲ್ ಕಟ್ಟುತ್ತಾರೆ. ದರ ಕೂಗುವುದು ಕ್ಯಾಂಡಿ ಲೆಕ್ಕದಲ್ಲಿ, ಒಂದು ಕ್ಯಾಂಡಿ ಅಂದರೆ 355.6 ಕೆ.ಜಿ. ಹೀಗಿರುವಾಗ ಹಿಂದಕ್ಕೆ ನಡೆಯಬೇಕು. ಬೇಲಿನ ದರ ಹಿಡಿದು, ಅದರಲ್ಲಿ ಪ್ರೆಸ್ಸಿಂಗ್, ಗೋಣಿ, ಪಟ್ಟಿಯ ಖರ್ಚನ್ನು ಕಳೆದರೆ ಬೇರ್ಪಡುವ ಹಂತದ ಬೆಲೆ ಸಿಗುತ್ತದೆ. ನನ್ನ 16,000 ಹಾಗೆ ಬಂದದ್ದು. ಪ್ರೆಸ್ಸಿಂಗ್ ಖರ್ಚನ್ನು ಜಂಟಿ ವೆಚ್ಚಕ್ಕೆ ಸೇರಿಸುವ ತಪ್ಪು ಬಹಳ ಕಡೆ ಆಗುತ್ತದೆ. ಹಾಗೆ ಮಾಡಿದರೆ ಪ್ರೆಸ್ಸಿನ ಹತ್ತಿರವೇ ಸುಳಿಯದ ಕಾಳು ಅದರ ಬಿಲ್ಲಿನಲ್ಲಿ ಪಾಲು ಕೊಡಬೇಕಾಗುತ್ತದೆ.

ಕಸ ಮಾರಿದ 2,000ವನ್ನು ನಾನು ವೆಚ್ಚದಲ್ಲಿ ಕಳೆದದ್ದನ್ನು ಗಮನಿಸಿರಬಹುದು. ಅದು ಉಪ ಉತ್ಪನ್ನ. ಎಂಟು ಲಕ್ಷದ ಮುಂದೆ ಅದಕ್ಕೆ ಬೇರೆ ಹಾಳೆ ಹಾಕುವುದು ವ್ಯರ್ಥ. ನಮ್ಮ ದೇಶದ ಲೆಕ್ಕಪತ್ರ ಮಾನದಂಡಗಳಲ್ಲಿ ಸರಕಿನ ದಾಸ್ತಾನಿಗೆ ಅಂತ ಇರುವ ಎಎಸ್ 2 ಹೇಳುವುದೂ ಇದನ್ನೇ: ಚಿಲ್ಲರೆ ಮೊತ್ತದ ಉಪ ಉತ್ಪನ್ನವಾದರೆ ಅದರಿಂದ ಬರುವ ನಿವ್ವಳ ಹಣವನ್ನು ಮುಖ್ಯ ಉತ್ಪನ್ನದ ವೆಚ್ಚದಲ್ಲಿ ಕಳೆಯಿರಿ. ಜಂಟಿ ಉತ್ಪನ್ನಗಳಿಗೆ ಮಾರಾಟ ಬೆಲೆಯ ಅನುಪಾತವನ್ನು ಅದೇ ಮಾನದಂಡ ಉದಾಹರಣೆಯಾಗಿ ಕೊಡುತ್ತದೆ.

ಯಾವುದು ಜಂಟಿ, ಯಾವುದು ಉಪ ಅನ್ನುವುದು ಗಿಡದಲ್ಲಿ ಬರೆದಿರುವುದಿಲ್ಲ, ಪೇಟೆಯಲ್ಲಿ ಬರೆದಿರುತ್ತದೆ. ಎಲಿ ವಿಟ್ನಿ 1793ರಲ್ಲಿ ಅಮೆರಿಕದಲ್ಲಿ ತನ್ನ ಜಿನ್ ಮಾಡಿದ ಮೇಲೆ ಅಲ್ಲಿನ ದಕ್ಷಿಣ ರಾಜ್ಯಗಳಲ್ಲಿ ಕಾಳು ಗುಡ್ಡೆ ಬಿದ್ದಿತು. ಬಿತ್ತನೆಗೆ, ಒಂದಿಷ್ಟು ಗೊಬ್ಬರಕ್ಕೆ ಹೋಗಿ ಮಿಕ್ಕದ್ದನ್ನು ಕೊಳೆಯಲು ಬಿಡುತ್ತಿದ್ದರು, ಹೊಳೆಗೂ ಸುರಿಯುತ್ತಿದ್ದರು. 19ನೇ ಶತಮಾನದ ಕೊನೆಯ ಹೊತ್ತಿಗೆ ಎಣ್ಣೆ ಗಿರಣಿಗಳು ಬಂದು ಅದೇ ಕಾಳಿಗೆ ಬೆಲೆ ಬಂತು. ಗಿಡ ಅದೇ, ಕಾಳು ಅದೇ. ನನ್ನ ಲಾಟಿನಲ್ಲಿ ನೂರಕ್ಕೆ 30 ರೂಪಾಯಿ ತರುವ ಕಾಳನ್ನು ಉಪ ಉತ್ಪನ್ನ ಅಂತ ಬರೆದಿದ್ದರೆ 40,000 ಲಾಭವೆಲ್ಲ ಅರಳೆಯ ಖಾತೆಗೇ ಹೋಗುತ್ತಿತ್ತು.

ಈ ಹಂಚಿಕೆ ನಿಜವಾಗಿ ಕೆಲಸಕ್ಕೆ ಬರುವುದು ಮಾರ್ಚ್ 31ಕ್ಕೆ. ಅರಳೆಯೆಲ್ಲ ಹೋಗಿದೆ, ಕಾಳೆಲ್ಲ ಗೋದಾಮಿನಲ್ಲಿದೆ ಅನ್ನಿ. ಆ ಕಾಳನ್ನು ಎಷ್ಟಕ್ಕೆ ಬರೆಯಬೇಕು? ನನ್ನ ತೂಕದ ಹಾಳೆಯ ಪ್ರಕಾರ 4,91,000. ಮಾರಿದರೆ ಬರುವುದೇ 2,40,000! ಹಾಗೆ ಬರೆದರೆ ಈ ವರ್ಷ 2,91,000 ಲಾಭ ಅಂತ ತೋರಿಸಿ, ಕಾಳು ಮಾರಿದಾಗ ಮುಂದಿನ ವರ್ಷ ನಷ್ಟ ತೋರಿಸಬೇಕು. ಮಾರಿದರೆ ಬರುವ ಮೊತ್ತಕ್ಕಿಂತ ಹೆಚ್ಚಿಗೆ ದಾಸ್ತಾನನ್ನು ಬರೆಯಲು ಆಡಿಟರ್ ಬಿಡುವುದಿಲ್ಲ ಅನ್ನುವುದು ಬೇರೆ ಮಾತು. ಮಾರಾಟ ಬೆಲೆಯ ಹಾಳೆಯಲ್ಲಾದರೆ ಕಾಳು 2,28,000ಕ್ಕೆ ಕೂರುತ್ತದೆ. ಈ ವರ್ಷ 28,000, ಮುಂದಿನ ವರ್ಷ 12,000 ಲಾಭ.

ಹೊಸ ಹಾಳೆ ನೋಡಿ ಸಾವ್ಕಾರರು ಇನ್ನೊಂದು ಮಾತು ಹಿಡಿದರು. "ಅರಳಿನ್ಯಾಗೂ ನೂರಕ್ಕ ಐದು, ಕಾಳಿನ್ಯಾಗೂ ನೂರಕ್ಕ ಐದು. ಇದೇನ್ ಲೆಕ್ಕಾನೋ, ಹೊಂದಿಸಿದ್ದೋ?"

ಹೊಂದಿಸಿದ್ದೇ. ಬೆಲೆಯ ಅನುಪಾತದಲ್ಲಿ ಖರ್ಚು ಹಂಚಿದರೆ ಲಾಭದ ಶೇಕಡಾವಾರು ಎಲ್ಲದಕ್ಕೂ ಒಂದೇ ಬರಲೇಬೇಕು. ಯಾವುದರಲ್ಲಿ ಲಾಭ ಜಾಸ್ತಿ ಅಂತ ಈ ಹಾಳೆಯನ್ನು ಕೇಳಿದರೆ ಅದು ಏನನ್ನೂ ಹೇಳದು. ಇದರ ಮೇಲೆ ದರ ಕಟ್ಟುವುದೂ ಆಗದು, ಯಾಕೆಂದರೆ ದರದಿಂದಲೇ ಖರ್ಚು ಹುಟ್ಟಿದೆ. ಕಾಳಿನ ದರ ಏಕಾಏಕಿ 5,000ಕ್ಕೆ ಏರಿತು ಅನ್ನಿ. ಕಾಳಿನ ಮೊತ್ತ 3,20,000 ಆಗುತ್ತದೆ, ಅರಳೆಯ ಪಾಲು 70ರಿಂದ ಸುಮಾರು 64ಕ್ಕೆ ಇಳಿಯುತ್ತದೆ. ಅರಳೆಯ ಖರ್ಚು ಕ್ವಿಂಟಾಲಿಗೆ 15,200 ಇದ್ದದ್ದು ಸುಮಾರು 13,820 ಆಗುತ್ತದೆ. ಜಿನ್ನಿನಲ್ಲಿ ಒಂದು ಬೋಲ್ಟ್ ಕೂಡ ಬದಲಾಗಿಲ್ಲ, ಹತ್ತಿಯೂ ಅದೇ ಹತ್ತಿ.

ಇದಕ್ಕಿಂತ ದುಬಾರಿ ತಪ್ಪು ಮುಂದೆ ಕಾದಿತ್ತು. ಊರಿನ ಎಣ್ಣೆ ಗಿರಣಿಯೊಂದು ಕ್ವಿಂಟಾಲಿಗೆ 450 ರೂಪಾಯಿಗೆ ಕಾಳು ಅರೆದುಕೊಡಲು ಒಪ್ಪಿತ್ತು. 64 ಕ್ವಿಂಟಾಲಿಗೆ 28,800. ಬರುವುದು 8 ಕ್ವಿಂಟಾಲ್ ಎಣ್ಣೆ, 53 ಕ್ವಿಂಟಾಲ್ ಹಿಂಡಿ. ಎಣ್ಣೆ 12,000ದಂತೆ 96,000, ಹಿಂಡಿ 3,200ರಂತೆ 1,69,600. ಒಟ್ಟು 2,65,600. ಸಾವ್ಕಾರರ ಮಗ ಹಾಳೆಯಲ್ಲಿನ ಕಾಳಿನ ಖರ್ಚು 2,28,000ಕ್ಕೆ ಅರೆಯುವ 28,800 ಕೂಡಿಸಿದ. 2,56,800 ಆಯಿತು. "ಅಪ್ಪಾ, 8,800 ಉಳೀತದ, ಅರಸೂಣು" ಅಂದ.

ಕೂಡಿಸಿದ್ದರಲ್ಲಿ ತಪ್ಪಿರಲಿಲ್ಲ, ಹಾಕಿಕೊಂಡ ಅಂಕಿಯಲ್ಲಿತ್ತು. 7,60,000 ಆಗಲೇ ಖರ್ಚಾಗಿದೆ, ಅರೆದರೂ ಅರೆಯದಿದ್ದರೂ ಅದು ಬದಲಾಗದು. ಅದರಲ್ಲಿ ಕಾಳಿನ ಪಾಲು 2,28,000 ಅನ್ನುವುದು ನಾನು ಕುಳಿತು ಹಂಚಿದ ಅಂಕಿ. ಈಗ ಕೈಬಿಡಬೇಕಾದದ್ದು ಕಾಳನ್ನು ಹಾಗೇ ಮಾರಿದರೆ ಸಿಗುವ 2,40,000. ಅರೆದರೆ ಖರ್ಚು ಕಳೆದು ಕೈಗೆ ಬರುವುದು 2,36,800. ಅಂದರೆ 3,200 ಕಮ್ಮಿ. ಮೇಲೆ ಎಣ್ಣೆಗೆ ಡಬ್ಬಿ ಹುಡುಕುವ ಕೆಲಸ ಬೇರೆ.

ಅರೆಯುವ ಕೂಲಿ 400ರ ಹತ್ತಿರ ಬಂದರೆ ಎರಡೂ ಸಮ ಅಂತ ನಾನು ಪಕ್ಕದಲ್ಲಿ ಬರೆದುಕೊಟ್ಟೆ. ಮಗ ಗಿರಣಿಗೆ ಹೋಗಿ ಚೌಕಾಶಿ ಮಾಡಿದ, ಅವರು 430ಕ್ಕಿಂತ ಕೆಳಗಿಳಿಯಲಿಲ್ಲ. ಎರಡು ದಿನ ಬಿಟ್ಟು ಕಾಳಿನ ಲಾರಿ ತುಂಬಿಸಿದರು. ಸಾವ್ಕಾರರು ಮಾತ್ರ ಎರಡು ಚೀಲ ತೆಗೆದಿಡಲು ಹೇಳಿದರು, ಮನೆಯ ಎಮ್ಮೆಗೆ ಅಂತ. ಅದನ್ನು ಯಾವ ದರಕ್ಕೆ ಬರೆಯಲಿ ಅಂತ ಕೇಳಿದೆ. "ಮಾರೂ ರೇಟಿಗೇ ಬರಿ" ಅಂದರು.