ಪೋಸ್ಟ್‌ಡಾಕ್ ಅರ್ಜಿಯಲ್ಲಿ ಪ್ರೊಫೈಲ್ ಪ್ಯಾರಾ ಮತ್ತು ಸಂಶೋಧನಾ ಸಾರಾಂಶ ಒಂದೇ ತರ ಆಗ್ತಿದೆಯಾ?

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯವಳು. ಪಿಎಚ್.ಡಿ. ವೈವಾ ಮುಗಿದಿದೆ. ಅರೇಬಿಕಾ ತೋಟದ ನೆರಳು ಮತ್ತು ಬಿಳಿ ಕಾಂಡಕೊರಕದ ಮೇಲೆ ಕೆಲಸ ಮಾಡಿದ್ದೇನೆ. ಹೊರದೇಶದ ಲ್ಯಾಬ್ ಒಂದಕ್ಕೆ ಅರ್ಜಿ ಹಾಕ್ತಿದ್ದೇನೆ. ಸಿ.ವಿ. ಮೇಲ್ಗಡೆ ಒಂದು ಪ್ರೊಫೈಲ್ ಪ್ಯಾರಾ ಬೇಕಂತೆ, ಜೊತೆಗೆ ಒಂದು ಪುಟದ ಸಂಶೋಧನಾ ಸಾರಾಂಶ. ನಾನು ಬರೆದದ್ದು ಎರಡೂ ಒಂದೇ ತರ ಕಾಣ್ತಿದೆ. ಎಲ್ಲಿ ತಿದ್ದಬೇಕು?

ಉತ್ತರ: ನೀವು ಕಳಿಸಿದ ಎರಡೂ ಕರಡು ಓದಿದೆ. ಅವು ಇಂಗ್ಲಿಷಿನಲ್ಲಿವೆ, ಅರ್ಜಿಯೂ ಇಂಗ್ಲಿಷಿನಲ್ಲೇ ಹೋಗುತ್ತದೆ. ಇಲ್ಲಿ ಅದರ ತಿರುಳನ್ನು ಕನ್ನಡದಲ್ಲಿ ಹೇಳುತ್ತೇನೆ. ನಿಮ್ಮ ಗುರುತು ಸಿಗಬಾರದೆಂದು ವಿವರ ಬದಲಿಸಿದ್ದೇನೆ. ಹಾಗಾಗಿ ಕೆಳಗಿನ ಅಂಕಿಗಳನ್ನು, ಫಲಿತಾಂಶವನ್ನು ಯಾರೂ ನಿಜವಾದ ಅಧ್ಯಯನದ್ದು ಅಂದುಕೊಳ್ಳಬೇಡಿ, ಬರೀ ಉದಾಹರಣೆ.

ಮೊದಲು ಪ್ರೊಫೈಲ್ ಪ್ಯಾರಾ. ನಿಮ್ಮದು ಹೀಗೆ ಶುರುವಾಗುತ್ತದೆ: "ಶ್ರಮಜೀವಿ, ಉತ್ಸಾಹಿ ಯುವ ಸಂಶೋಧಕಿ. ಪರಿಸರ ವಿಜ್ಞಾನದಲ್ಲಿ ಆಳವಾದ ಆಸಕ್ತಿ. ತಂಡದಲ್ಲಿ ಚೆನ್ನಾಗಿ ಹೊಂದಿಕೊಳ್ಳುತ್ತೇನೆ. ಹೆಸರಾಂತ ಸಂಸ್ಥೆಯಲ್ಲಿ ಕಲಿಯುವ ಅವಕಾಶ ಬಯಸುತ್ತೇನೆ." ಇದರಲ್ಲಿ ಕಾಫಿಯೂ ಇಲ್ಲ, ಹುಳವೂ ಇಲ್ಲ. ಹೆಸರು ಬದಲಿಸಿದರೆ ಇದೇ ಪ್ಯಾರಾ ಮೀನಿನ ಮೇಲೆ ಕೆಲಸ ಮಾಡಿದವರಿಗೂ ಆಗುತ್ತದೆ, ಅಲ್ವಾ?

ತಿದ್ದುವಾಗ ಒಂದೊಂದು ಮಾತಿನ ಮೇಲೂ ಬೆರಳಿಟ್ಟು, ಇದಕ್ಕೆ ಸಿ.ವಿ.ಯ ಯಾವ ಸಾಲು ಸಾಕ್ಷಿ ಅಂತ ನೋಡಿ. "ಶ್ರಮಜೀವಿ" ಅನ್ನೋದಕ್ಕೆ ಯಾವ ಸಾಲೂ ಸಾಕ್ಷಿ ಹೇಳಲ್ಲ, ತೆಗೆಯಿರಿ. "ಕಲಿಯುವ ಅವಕಾಶ" ಕೂಡ ಬೇಡ. ಪೋಸ್ಟ್‌ಡಾಕ್ ಅಂದರೆ ಸಂಬಳದ ಸಂಶೋಧನಾ ಕೆಲಸ. ಬಂದವರು ಏನು ಮಾಡಿಕೊಡುತ್ತಾರೆ ಅಂತ ಪ್ರೊಫೆಸರ್ ನೋಡುತ್ತಾರೆ.

ಹೀಗೆಲ್ಲಾ ತೆಗೆದ ಮೇಲೆ ಉಳಿಯೋದು ಮೂರು ನಾಲ್ಕು ಸಾಲು. ನಾನಾದರೆ ಹೀಗೆ ಬರೆಯುತ್ತೇನೆ: "ನಾನು ಕೀಟಗಳ ಪರಿಸರ ವಿಜ್ಞಾನಿ. ತೋಟದ ನೆರಳು ಬದಲಾದಾಗ ಕೀಟದ ಹಾವಳಿ ಹೇಗೆ ಬದಲಾಗುತ್ತದೆ ಅನ್ನುವುದು ನನ್ನ ವಿಷಯ. ಪಿಎಚ್.ಡಿ.ಗಾಗಿ ಕೊಡಗಿನ ಸಣ್ಣ ಬೆಳೆಗಾರರ 30 ಅರೇಬಿಕಾ ತೋಟಗಳಲ್ಲಿ ಎರಡು ವರ್ಷ ಸರ್ವೆ ಮಾಡಿ, R ಬಳಸಿ ಮಿಕ್ಸ್ಡ್ ಮಾಡೆಲ್‌ಗಳಲ್ಲಿ ವಿಶ್ಲೇಷಿಸಿದ್ದೇನೆ. ಈಗ ನೆರಳಿನ ಕೆಳಗಿನ ಬಿಸಿ ಮತ್ತು ಬೆಳಕನ್ನು ನೇರವಾಗಿ ಅಳೆದು, ಕಾರಣವನ್ನು ಪರೀಕ್ಷಿಸಲು ಬಯಸುತ್ತೇನೆ." ನೀವು ಯಾರು, ಕೈಯಲ್ಲಿ ಏನಿದೆ, ಮುಂದೆ ಎಲ್ಲಿಗೆ, ಇಷ್ಟೇ. ಕೊನೆಯ ಸಾಲನ್ನು ಮಾತ್ರ ಲ್ಯಾಬ್‌ಗೆ ತಕ್ಕ ಹಾಗೆ ಪ್ರತಿ ಸಲ ಬದಲಿಸಿ. ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲಿ ತುರುಕಬೇಡಿ. ಸಂಶೋಧಕರನ್ನು ಜರ್ನಲ್‌ನ ಅಂಕಿಯಿಂದ ಅಳೆಯಬಾರದು ಅಂತ 2013ರಲ್ಲಿ ಪ್ರಕಟವಾದ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಗೆ ಸಹಿ ಹಾಕಿದ ಸಂಸ್ಥೆಗಳು ಹೊರಗಡೆ ಸುಮಾರಿವೆ.

ಇನ್ನು ಸಾರಾಂಶ. ನಿಜವಾದ ತಿದ್ದುವ ಕೆಲಸ ಇರೋದು ಇಲ್ಲೇ. ನಿಮ್ಮದು ಕಾಫಿ ಎಂಥ ಮುಖ್ಯ ಪಾನೀಯ, ಭಾರತದ ಕಾಫಿಯಲ್ಲಿ ಕೊಡಗಿನ ಪಾಲೆಷ್ಟು ಅಂತ ಶುರುವಾಗಿ, ಫಲಿತಾಂಶಕ್ಕೆ ಬರುವಷ್ಟರಲ್ಲಿ ಅರ್ಧ ಪುಟ ಮುಗಿದಿದೆ. ಥೀಸಿಸ್‌ನ ಮೊದಲ ಅಧ್ಯಾಯದಿಂದ ಎತ್ತಿಟ್ಟದ್ದು ಅಂತ ಗೊತ್ತಾಗುತ್ತದೆ. ಹಿನ್ನೆಲೆ ಎರಡು ವಾಕ್ಯ ಸಾಕು: ಬೋರರ್, ಅಂದರೆ ಕಾಂಡಕೊರಕದ ದುಂಬಿಗೆ ಬಿಸಿಲು ಬೀಳುವ ಕಾಂಡ ಇಷ್ಟ, ಮೊಟ್ಟೆ ಇಡುವುದು ತೊಗಟೆಯ ಬಿರುಕಿನಲ್ಲಿ. ಹಳೇ ಕಾಡುಮರ ಹೋಗಿ ಸಿಲ್ವರ್ ಓಕ್ ಮರ ಬಂದ ತೋಟಗಳಲ್ಲಿ ನೆರಳಿನ ರೀತಿಯೇ ಬದಲಾಗಿದೆ, ಅದರಿಂದ ಹಾವಳಿಗೆ ಏನಾಯಿತು? ಈ ಪ್ರಶ್ನೆ ಆದ ಕೂಡಲೇ ಏನು ಮಾಡಿದಿರಿ, ಏನು ಸಿಕ್ಕಿತು ಅಂತ ಹೇಳಿಬಿಡಿ.

"ಏನು ಸಿಕ್ಕಿತು" ಅನ್ನುವ ಜಾಗದಲ್ಲಿ ನೀವು ಬರೆದದ್ದು: "ದಟ್ಟ ನೆರಳು ಬೋರರ್ ಹಾವಳಿಯನ್ನು ಗಮನಾರ್ಹವಾಗಿ ಕಡಿಮೆ ಮಾಡುತ್ತದೆ." ಈ ಒಂದು ವಾಕ್ಯದಲ್ಲಿ ಎರಡು ತೊಂದರೆ ಇವೆ.

"ಗಮನಾರ್ಹ" ಅಂದರೆ ಸಂಖ್ಯಾಶಾಸ್ತ್ರದ ಪರೀಕ್ಷೆ ಪಾಸಾಯಿತು ಅಂತ ಮಾತ್ರ. ಎಷ್ಟು ವ್ಯತ್ಯಾಸ ಅಂತ ಅದು ಹೇಳುವುದಿಲ್ಲ. ತೆಳು ನೆರಳಿನ ತೋಟದಲ್ಲಿ ನೂರು ಗಿಡಕ್ಕೆ 11 ಹಾಳು, ದಟ್ಟ ನೆರಳಲ್ಲಿ 6 ಅಂತ ಬರೆದರೆ ಕೀಟ ಗೊತ್ತಿಲ್ಲದವರಿಗೂ ಅರ್ಥವಾಗುತ್ತದೆ. ಅಂದಾಜಿನ ಆಚೀಚೆ ಎಷ್ಟು ಅನ್ನುವುದನ್ನೂ ಪಕ್ಕದಲ್ಲೇ ಕೊಡಿ.

ಎರಡನೆಯದು ಇನ್ನೂ ದೊಡ್ಡದು. "ಕಡಿಮೆ ಮಾಡುತ್ತದೆ" ಅನ್ನಲು ನಿಮ್ಮ ಹತ್ತಿರ ಆಧಾರ ಇಲ್ಲ. ನೀವು ಮಾಡಿದ್ದು ಸರ್ವೆ. ಯಾವ ತೋಟಕ್ಕೆ ಎಷ್ಟು ನೆರಳು ಅಂತ ತೀರ್ಮಾನಿಸಿದ್ದು ಬೆಳೆಗಾರರು, ನೀವಲ್ಲ. ನೆರಳನ್ನು ಜತನದಿಂದ ಇಟ್ಟುಕೊಳ್ಳುವ ಬೆಳೆಗಾರರೇ ಬೋರರ್ ಟ್ರೇಸಿಂಗನ್ನೂ ಸರಿಯಾಗಿ ಮಾಡಿಸುವವರು ಆಗಿರಬಹುದು. ಅಂದರೆ ಕಾಂಡದ ಮೇಲೆ ಹುಳ ಕೊರೆದ ಉಬ್ಬು ಏರು ಕಂಡ ಕೂಡಲೇ ಗಿಡ ಕಿತ್ತು ಸುಡುವವರು. ಹಾಗಿದ್ದರೆ ಹಾವಳಿ ಕಡಿಮೆ ಇದ್ದದ್ದು ನೆರಳಿಂದಲೋ, ಟ್ರೇಸಿಂಗಿನಿಂದಲೋ? ಗಿಡದ ವಯಸ್ಸು, ತಳಿ ಕೂಡ ಮಧ್ಯೆ ಬರುತ್ತವೆ. ಈ ವಿಷಯ ಬಲ್ಲ ಪ್ರೊಫೆಸರ್‌ಗೆ ಮೊದಲು ಹೊಳೆಯುವ ಪ್ರಶ್ನೆ ಇದೇ. ಸಾರಾಂಶದಲ್ಲಿ ಅದಕ್ಕೆ ಉತ್ತರ ಕಾಣದಿದ್ದರೆ, ಇವರಿಗೆ ಇದು ಗೊತ್ತಿಲ್ಲ ಅಂತಲೇ ತಿಳಿಯುತ್ತಾರೆ.

ಹಾಗಾಗಿ ಕ್ರಿಯಾಪದ ಬದಲಿಸಿ: "ದಟ್ಟ ನೆರಳಿನ ತೋಟಗಳಲ್ಲಿ ಹಾವಳಿ ಕಡಿಮೆ ಕಂಡುಬಂತು. ಗಿಡದ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿಯಿತು. ಟ್ರೇಸಿಂಗ್ ಎಷ್ಟು ಸಲ ನಡೆದಿದೆ ಎಂಬ ದಾಖಲೆ ಎಲ್ಲಾ ತೋಟಗಳಲ್ಲಿ ಇರಲಿಲ್ಲವಾದ್ದರಿಂದ ಅದರ ಪಾತ್ರವನ್ನು ಬೇರ್ಪಡಿಸಲಾಗಿಲ್ಲ." ಹೀಗೆ ಬರೆದರೆ ಕೆಲಸ ಸಣ್ಣದಾಗಿ ಕಾಣುತ್ತದೆ ಅಂತ ನಿಮ್ಮ ಪತ್ರದಲ್ಲಿ ಅಳುಕಿದ್ದೀರಿ. ನನ್ನ ಪ್ರಕಾರ ಹಾಗಾಗಲ್ಲ. ಈ ಮಿತಿಯೇ ನಿಮ್ಮ ಮುಂದಿನ ಕೆಲಸಕ್ಕೆ ದಾರಿ: "ಒಂದೇ ತೋಟದೊಳಗೆ, ಒಂದೇ ರೀತಿ ಟ್ರೇಸಿಂಗ್ ನಡೆಯುವ ಸಾಲುಗಳಲ್ಲಿ, ಮರಗಸಿಯ ಪ್ರಮಾಣ ಬದಲಿಸಿ ಕಾಂಡದ ಮೇಲಿನ ಬಿಸಿಯನ್ನೂ ಮೊಟ್ಟೆಯನ್ನೂ ಅಳೆಯುತ್ತೇನೆ." ಸಾರಾಂಶದ ಕೊನೆಯ ಪ್ಯಾರಾ ತಾನಾಗೇ ಹುಟ್ಟಿತು ನೋಡಿ. ಕಾಂಡದ ಬಿಸಿ ಅಳೆಯುವ ಉಪಕರಣ, ಅನುಭವ ಆ ಲ್ಯಾಬ್‌ನಲ್ಲಿ ಇದ್ದರೆ ಅದನ್ನು ಇಲ್ಲೇ ಹೇಳಿ. ಯಾಕೆ ಅದೇ ಲ್ಯಾಬ್ ಅನ್ನೋದಕ್ಕೆ ಹೊಗಳಿಕೆಗಿಂತ ಇದು ವಾಸಿ.

ಅಂದಹಾಗೆ ಮರಗಸಿ, ಸಿಲ್ವರ್, ಟ್ರೇಸಿಂಗ್ ಇವೆಲ್ಲ ನಮಗೆ ಮನೆಮಾತು. ಹೊರದೇಶದವರಿಗೆ ಮೊದಲ ಸಲ ಬಂದಲ್ಲಿ ಅರ್ಧ ವಾಕ್ಯದಲ್ಲಿ ಬಿಡಿಸಿ ಹೇಳಿ: ಮರಗಸಿ ಅಂದರೆ ಮಳೆಗಾಲಕ್ಕೆ ಮುಂಚೆ ನೆರಳು ಮರದ ಕೊಂಬೆ ಕಡಿಯುವುದು, ಹೀಗೆ. "ಸರ್ವೆ ಮಾಡಲಾಯಿತು" ಅನ್ನುವ ಕಡೆಯೆಲ್ಲಾ ಯಾರು ಮಾಡಿದ್ದು ಅಂತ ಬರೆಯಿರಿ. ಗಿಡ ಎಣಿಸಿದ್ದು ನೀವು, ಮಾಡೆಲ್ ಕಟ್ಟಲು ಸಹ-ಲೇಖಕರ ನೆರವು ಇತ್ತು ಅಂದರೆ ಹಾಗೇ ಹೇಳಿ. ರೆಫರೆನ್ಸ್ ಕೊಡುವ ನಿಮ್ಮ ಗೈಡ್ ಕೂಡ ಅದನ್ನೇ ಹೇಳುತ್ತಾರೆ. ಪೇಪರ್ ಜರ್ನಲ್‌ಗೆ ಹೋಗಿದ್ದರೆ ಮಾತ್ರ "ಪರಿಶೀಲನೆಯಲ್ಲಿದೆ" ಅನ್ನಿ. ಇನ್ನೂ ಬರೀತಾ ಇರೋದನ್ನು ಪ್ರೊಫೈಲಿಗೆ ತರಬೇಡಿ.

ಬರೆಯುವ ಕ್ರಮ ಮಾತ್ರ ತಿರುಗಿಸಿ. ಮೊದಲು ಸಾರಾಂಶ ಮುಗಿಸಿ, ಆಮೇಲೆ ಅದನ್ನು ಮುಂದಿಟ್ಟುಕೊಂಡು ಪ್ರೊಫೈಲ್ ಬರೆಯಿರಿ. ಆಗ ಫಲಿತಾಂಶವೆಲ್ಲಾ ಸಾರಾಂಶದಲ್ಲೇ ಉಳಿಯುತ್ತದೆ, ಪ್ರೊಫೈಲ್‌ನಲ್ಲಿ ನೀವು ಮಾತ್ರ ಇರುತ್ತೀರಿ. ಎರಡೂ ಒಂದೇ ತರ ಆಗಲ್ಲ.

ಕಳಿಸುವ ಮುಂಚೆ ಎರಡನ್ನೂ ಅಕ್ಕಪಕ್ಕ ಇಟ್ಟು ಅಂಕಿಗಳನ್ನಷ್ಟೇ ಓದಿ. ನಿಮ್ಮ ಕರಡಿನಲ್ಲಿ ಪ್ರೊಫೈಲ್ 30 ತೋಟ ಅನ್ನುತ್ತದೆ, ಸಾರಾಂಶ 28 ಅನ್ನುತ್ತದೆ. ಎರಡು ತೋಟದಲ್ಲಿ ಮಧ್ಯದಲ್ಲೇ ಅರೇಬಿಕಾ ಕಿತ್ತು ರೊಬಸ್ಟಾ ಹಾಕಿದರಂತೆ, ಅದಕ್ಕೇ ಬಿಟ್ಟಿದ್ದೀರಿ. ಸರಿಯಾದ ಕಾರಣವೇ, ಆದರೆ ಓದುವವರಿಗೆ ಅದು ಗೊತ್ತಿಲ್ಲ. "30 ತೋಟ ಸರ್ವೆ, 28ರ ವಿಶ್ಲೇಷಣೆ" ಅಂತ ಸಾರಾಂಶದಲ್ಲಿ ಕಾರಣದ ಸಮೇತ ಒಂದು ಸಾಲು ಸೇರಿಸಿ.