ನಿಂಬೆ ಪಾನಕದ ಬಾಟಲಿ ಮತ್ತು ಮನೋಬಲದ ಟ್ಯಾಂಕು

ಭರಮಸಾಗರದಿಂದ ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಬರುವ ನನ್ನ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಇಂಟರ್ನಲ್ ಪರೀಕ್ಷೆಯ ದಿನ ಬ್ಯಾಗಿನಲ್ಲಿ ಒಂದು ಬಾಟಲಿ ಇಟ್ಟುಕೊಂಡು ಬಂದಿದ್ದಳು. ಒಳಗೆ ನಿಂಬೆ ಪಾನಕ, ತಳದಲ್ಲಿ ಕರಗದೆ ಉಳಿದ ಸಕ್ಕರೆ. 'ಬಿಸಿಲಿಗಾ?' ಅಂದೆ. 'ಅಲ್ಲ ಮೇಡಂ, ಮನೋಬಲಕ್ಕೆ' ಅಂದಳು.

ಅವಳು ಓದಿದ್ದು 'ವಿಲ್‌ಪವರ್' ಎಂಬ ಪುಸ್ತಕ. ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ಮತ್ತು ಪತ್ರಕರ್ತ ಜಾನ್ ಟಿಯರ್ನಿ ಸೇರಿ 2011ರಲ್ಲಿ ಬರೆದದ್ದು. ಅದರ ಮುಖ್ಯ ಮಾತು ಹೀಗೆ: ಮನಸ್ಸನ್ನು ಹತೋಟಿಯಲ್ಲಿಡುವ ಶಕ್ತಿ ಗಾಡಿಯ ಪೆಟ್ರೋಲ್ ಇದ್ದ ಹಾಗೆ. ಒಂದು ಕಡೆ ಖರ್ಚಾದರೆ ಇನ್ನೊಂದು ಕಡೆಗೆ ಕಡಿಮೆ ಬೀಳುತ್ತದೆ. ಸಕ್ಕರೆ ಪಾನಕ ಕುಡಿದರೆ ಟ್ಯಾಂಕು ಮತ್ತೆ ತುಂಬುತ್ತದೆ. ಅವಳು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದಳು.

ಬರೆದವರು ಯಾರೋ ಭಾಷಣಕಾರರಲ್ಲ. ಆ ಪ್ರಯೋಗಗಳನ್ನು ಮಾಡಿದ ವಿಜ್ಞಾನಿಯೇ. ಹಾಗಾಗಿ ನಂಬಿದ್ದು ಅವಳ ತಪ್ಪಲ್ಲ. ನಾನೂ ಕೆಲವು ವರ್ಷ ಇದನ್ನೇ ಪಾಠ ಮಾಡಿದವಳು.

ಮೊದಲ ಪ್ರಯೋಗ ನಡೆದದ್ದು ಅಮೆರಿಕದಲ್ಲಿ, ಪ್ರಕಟವಾದದ್ದು 1998ರಲ್ಲಿ. ಒಂದು ಹೊತ್ತಿನ ಊಟ ಬಿಟ್ಟು ಬರಲು ವಿದ್ಯಾರ್ಥಿಗಳಿಗೆ ಹೇಳಿದ್ದರು. ಕೋಣೆ ತುಂಬ ಆಗಷ್ಟೇ ಬೇಕ್ ಮಾಡಿದ ಚಾಕೊಲೇಟ್ ಬಿಸ್ಕತ್ತಿನ ಘಮ. ಮೇಜಿನ ಮೇಲೆ ಒಂದು ಕಡೆ ಬಿಸ್ಕತ್ತು, ಇನ್ನೊಂದು ಕಡೆ ಮೂಲಂಗಿ. ಕೆಲವರಿಗೆ ಬಿಸ್ಕತ್ತು ತಿನ್ನಿ ಅಂದರು, ಕೆಲವರಿಗೆ ಮೂಲಂಗಿ ಮಾತ್ರ ಅಂದರು. ನಮ್ಮೂರಲ್ಲಾದರೆ ಹಸಿದ ಹುಡುಗರ ಎದುರು ಬಿಸಿ ಮಿರ್ಚಿ, ಮಂಡಕ್ಕಿ ಇಟ್ಟು, 'ನೀನು ಮೂಲಂಗಿ ತಿನ್ನು' ಅಂದ ಹಾಗೆ. ಆಮೇಲೆ ಎಲ್ಲರಿಗೂ ಬಿಡಿಸಲಾಗದ ಒಂದು ಒಗಟು ಕೊಟ್ಟರು. ಬಿಸ್ಕತ್ತು ತಿಂದವರು ಸುಮಾರು 19 ನಿಮಿಷ ಪ್ರಯತ್ನಪಟ್ಟರು. ಮೂಲಂಗಿಯವರು ಎಂಟೂವರೆ ನಿಮಿಷಕ್ಕೂ ಮೊದಲೇ ಕೈಚೆಲ್ಲಿದರು. ಆಸೆ ತಡೆದುಕೊಳ್ಳುವುದರಲ್ಲೇ ಅವರ ಶಕ್ತಿ ಖಾಲಿಯಾಗಿತ್ತು ಎಂಬುದು ತೀರ್ಮಾನ.

ಕಥೆ ಚೆನ್ನಾಗಿದೆ, ಅಲ್ವಾ? ಆದರೆ ಎಲ್ಲ ಸೇರಿ ಭಾಗವಹಿಸಿದವರು 67 ಜನ. ಅದರಲ್ಲೂ ಬೇರೆ ಬೇರೆ ಗುಂಪು. ನಮ್ಮ ಒಂದು ತರಗತಿಯಷ್ಟೂ ಇಲ್ಲ.

ಒಂದೇ ಪ್ರಯೋಗವಾಗಿದ್ದರೆ ಅನುಮಾನ ಪಡುವುದು ಸುಲಭ. ಆದರೆ 2010ರಲ್ಲಿ ಮನೋವಿಜ್ಞಾನಿ ಮಾರ್ಟಿನ್ ಹ್ಯಾಗರ್ ಮತ್ತು ಸಂಗಡಿಗರು ಇಂಥ 198 ಪರೀಕ್ಷೆಗಳ ಫಲಿತಾಂಶ ಕೂಡಿಸಿ ಲೆಕ್ಕ ಹಾಕಿದರು. ಪರಿಣಾಮದ ಗಾತ್ರ 0.62 ಬಂತು. ಇದನ್ನು ಹೀಗೆ ಓದಿಕೊಳ್ಳಿ: ಮನಸ್ಸು ದಣಿದ ಗುಂಪಿನಿಂದ ಒಬ್ಬರು, ದಣಿಯದ ಗುಂಪಿನಿಂದ ಒಬ್ಬರು, ಹೀಗೆ ಸುಮ್ನೆ ಜೋಡಿ ಮಾಡುತ್ತಾ ಹೋದರೆ 100 ಜೋಡಿಗಳಲ್ಲಿ ಸುಮಾರು 67ರಲ್ಲಿ ದಣಿಯದವರೇ ಮುಂದಿರುತ್ತಾರೆ. ಮನೋವಿಜ್ಞಾನದಲ್ಲಿ ಇದು ಸಣ್ಣ ಮಾತಲ್ಲ.

2016ರಲ್ಲಿ ಅದೇ ಹ್ಯಾಗರ್ ಮುಂದೆ ನಿಂತು ದೊಡ್ಡ ಮರುಪ್ರಯೋಗವೊಂದನ್ನು ಮಾಡಿಸಿದರು. 23 ಪ್ರಯೋಗಾಲಯ, 2,141 ಜನ. ಏನು ಮಾಡುತ್ತೇವೆ, ಲೆಕ್ಕ ಹೇಗೆ ಹಾಕುತ್ತೇವೆ ಎಂಬುದನ್ನೆಲ್ಲ ಮೊದಲೇ ಬರೆದಿಟ್ಟರು. ಫಲಿತಾಂಶ ಹೇಗೇ ಬಂದರೂ ಪ್ರಕಟವಾಗಬೇಕು ಎಂಬುದೂ ಮೊದಲೇ ತೀರ್ಮಾನವಾಗಿತ್ತು. ಈ ಸಲ ಬಂದದ್ದು 0.04. ಮತ್ತೆ ಜೋಡಿಗಳ ಲೆಕ್ಕದಲ್ಲಿ ಹೇಳಿದರೆ 100ರಲ್ಲಿ 51. ನಾಣ್ಯ ಚಿಮ್ಮಿದರೂ 50 ಬರುತ್ತದೆ.

198 ಪರೀಕ್ಷೆ ಸೇರಿಯೂ ತಪ್ಪಾಗಲು ಹೇಗೆ ಸಾಧ್ಯ? ಇದೇ ನನ್ನ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ. ಉತ್ತರ ಮೇಜಿನ ಡ್ರಾಯರಿನಲ್ಲಿದೆ. 20 ಕಾಲೇಜುಗಳು ಒಂದೇ ಪ್ರಯೋಗವನ್ನು ಮೂವತ್ತು ಮೂವತ್ತು ಜನರ ಮೇಲೆ ಮಾಡಿದವು ಅಂದುಕೊಳ್ಳಿ. ನಿಜವಾಗಿ ಪರಿಣಾಮವೇ ಇಲ್ಲ. ಆದರೂ ಗುಂಪು ಚಿಕ್ಕದಾದ್ದರಿಂದ ಎಲ್ಲೋ ಒಂದು ಕಡೆ ಅದೃಷ್ಟದಿಂದ ದೊಡ್ಡ ವ್ಯತ್ಯಾಸ ಕಾಣುತ್ತದೆ. ಆ ಒಂದು ಕಾಲೇಜು ಪ್ರಬಂಧ ಬರೆಯುತ್ತದೆ. 'ಏನೂ ಸಿಗಲಿಲ್ಲ' ಎಂಬ ಉಳಿದ 19 ವರದಿಗಳು ಡ್ರಾಯರಿಗೆ ಹೋಗುತ್ತವೆ. ಅವನ್ನು ಅಚ್ಚು ಹಾಕಲು ಪತ್ರಿಕೆಗಳಿಗೂ ಉತ್ಸಾಹವಿಲ್ಲ. ಜೊತೆಗೆ ಕಳ್ಳತನ ಅಂತ ಯಾರಿಗೂ ಅನ್ನಿಸದ ಸಣ್ಣ ಸಣ್ಣ ಆಯ್ಕೆಗಳು: ಇವನ ಉತ್ತರ ವಿಚಿತ್ರವಾಗಿದೆ, ಬಿಡೋಣ, ಇನ್ನು ಹತ್ತು ಜನರನ್ನು ಸೇರಿಸಿ ನೋಡೋಣ. ಆಮೇಲೆ ಯಾರೋ ಅಚ್ಚಾದದ್ದನ್ನೆಲ್ಲ ಕೂಡಿಸುತ್ತಾರೆ. ಅವರ ಕೈಗೆ ಸಿಗುವುದು ಅದೃಷ್ಟವಂತರ ಸರಾಸರಿ. ಡ್ರಾಯರಿನಲ್ಲಿ ಉಳಿದದ್ದು ಅದರಲ್ಲಿ ಸೇರುವುದೇ ಇಲ್ಲ.

ಬೌಮೈಸ್ಟರ್ ಒಪ್ಪಲಿಲ್ಲ. ಮರುಪ್ರಯೋಗದಲ್ಲಿ ಕೊಟ್ಟ ಕೆಲಸವೇ ಸರಿಯಿಲ್ಲ, ಅದು ಮನಸ್ಸನ್ನು ದಣಿಸುವಂಥದ್ದಲ್ಲ ಎಂದರು. ಆಕ್ಷೇಪ ನ್ಯಾಯವಾದದ್ದೇ. ಮುಂದೆ ಅವರ ಜೊತೆ ಈ ವಿಷಯದಲ್ಲಿ ಕೆಲಸ ಮಾಡಿದ್ದ ಕ್ಯಾಥ್ಲೀನ್ ವೋಸ್ ಅವರೇ ಮುಂದಾಳಾಗಿ, 36 ಪ್ರಯೋಗಾಲಯಗಳಲ್ಲಿ 3,531 ಜನರ ಮೇಲೆ ಇನ್ನೊಮ್ಮೆ ನೋಡಿದರು. 2021ರಲ್ಲಿ ಪ್ರಕಟವಾದ ಆ ಫಲಿತಾಂಶ 0.06.

ಹಾಗಂತ ದಣಿವೇ ಸುಳ್ಳು ಅಂತಲ್ಲ. ರಾತ್ರಿ ನಿದ್ದೆಗೆಟ್ಟು ಓದಿದರೆ ಬೆಳಗ್ಗೆ ತಲೆ ಓಡುವುದಿಲ್ಲ, ಅದು ಬೇರೆ ವಿಷಯ. ಬಿದ್ದುಹೋದದ್ದು ಐದು ಹತ್ತು ನಿಮಿಷ ಆಸೆ ತಡೆದರೆ ಟ್ಯಾಂಕು ಖಾಲಿಯಾಗುತ್ತದೆ ಎಂಬ ನಿರ್ದಿಷ್ಟ ಮಾತು. ಅದರ ಮೇಲೆ ಕಟ್ಟಿದ ಪಾನಕದ ಕಥೆಗೂ ಆಮೇಲೆ ಕಾಲಿಲ್ಲ.

ಈಗ ಆ ಪುಸ್ತಕದ ಮೊದಲ ಪುಟಗಳಲ್ಲಿ ಅಚ್ಚಾದ ವರ್ಷ ನೋಡಿ. 2011. ಸಂಶೋಧಕರ ದೊಡ್ಡ ತಂಡವೊಂದು ಮನೋವಿಜ್ಞಾನದ 100 ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿ, ಅವುಗಳಲ್ಲಿ ಕೇವಲ 36 ಶೇಕಡಾ ಗಮನಾರ್ಹ ಫಲಿತಾಂಶ ಕೊಟ್ಟವು ಎಂದು ಹೇಳಿದ್ದು 2015ರಲ್ಲಿ. ಅದಕ್ಕೂ ಮೊದಲಿನ ಪುಸ್ತಕಗಳಿಗೆ ಈ ಸುದ್ದಿ ಗೊತ್ತಿರಲು ಸಾಧ್ಯವಿಲ್ಲ. ನೊಬೆಲ್ ಪಡೆದ ಡೇನಿಯಲ್ ಕಾನಮನ್ ಅವರ 2011ರ ಪುಸ್ತಕದಲ್ಲೂ ಈ ದಣಿವಿನ ಪ್ರಯೋಗಗಳಿವೆ. ಅದೇ ಪುಸ್ತಕದ ಇನ್ನೊಂದು ಅಧ್ಯಾಯದ ಬಗ್ಗೆ, ಚಿಕ್ಕ ಚಿಕ್ಕ ಪ್ರಯೋಗಗಳನ್ನು ಅತಿಯಾಗಿ ನಂಬಿದೆ ಎಂದು ಅವರೇ 2017ರಲ್ಲಿ ಒಪ್ಪಿಕೊಂಡರು. ಸುಳ್ಳು ಬಯಲು ಮಾಡುವ ಪುಸ್ತಕಕ್ಕೂ ಇದೇ ಮಿತಿ. ಸ್ಕಾಟ್ ಲಿಲಿಯನ್‌ಫೆಲ್ಡ್ ಮತ್ತು ಸಂಗಡಿಗರ 50 ಮಿಥ್ಯೆಗಳ ಪುಸ್ತಕ, ನಾವು ಮೆದುಳಿನ 10 ಶೇಕಡಾ ಮಾತ್ರ ಬಳಸುತ್ತೇವೆ ಎಂಬ ಕಥೆಗೆ ಒಳ್ಳೆಯ ಮದ್ದು. ಆದರೆ ಅದು 2010ರದ್ದು. ಡ್ರಾಯರಿನ ಕಥೆಗೆ ನಾನು ಮಕ್ಕಳಿಗೆ ಕೊಡುವುದು ಸ್ಟುವರ್ಟ್ ರಿಚಿ ಅವರ 2020ರ 'ಸೈನ್ಸ್ ಫಿಕ್ಷನ್ಸ್'.

ಪುಸ್ತಕದಲ್ಲಿ ಯಾವುದೇ ಮಾತು ಹಿಡಿಸಿದರೆ, ಅದರ ಹೆಸರಿನ ಮುಂದೆ `registered replication report` ಎಂದು ಸೇರಿಸಿ ಹುಡುಕಿ ಎಂದು ಅವಳಿಗೆ ಹೇಳಿದೆ. ಎಲ್ಲ ಮೊದಲೇ ಬರೆದಿಟ್ಟು ಮಾಡುವ ಮರುಪ್ರಯೋಗದ ವರದಿಗೆ ಇರುವ ಹೆಸರು ಅದು. ಈ ಟ್ಯಾಂಕು ಖಾಲಿಯಾಗುವ ಕಥೆಗೆ ಇಂಗ್ಲಿಷಿನಲ್ಲಿರುವ ಹೆಸರು `ego depletion` ಸೇರಿಸಿ ಅಲ್ಲೇ ಹುಡುಕಿದಳು. 2016ರ ವರದಿ ಮೊದಲ ಪುಟದಲ್ಲೇ ಸಿಕ್ಕಿತು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪುಸ್ತಕಕ್ಕೆ ಕೊಟ್ಟ ದುಡ್ಡು ನೆನಪಾಗಿರಬೇಕು.

'ಹಾಗಾದ್ರೆ ಪರೀಕ್ಷೆಗೆ ಕೆಲಸಕ್ಕೆ ಬರೋದು ಏನೂ ಇಲ್ವಾ ಮೇಡಂ?'

ಇದೆ. ಅದು ಅಷ್ಟು ರುಚಿಯಾದ ಕಥೆಯಲ್ಲ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಒಂದು ಗುಂಪಿಗೆ ಒಂದೇ ಪಾಠವನ್ನು ನಾಲ್ಕು ಅವಧಿಗಳಲ್ಲಿ ಓದಿಸಿದರು. ಇನ್ನೊಂದು ಗುಂಪು ಒಮ್ಮೆ ಓದಿ, ಮೂರು ಸಲ ಹಾಳೆ ನೋಡದೆ ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ: 83 ಶೇಕಡಾ, ಬರೆದವರು 71. ಒಂದು ವಾರ ಬಿಟ್ಟು ಕೇಳಿದಾಗ ತಿರುವುಮುರುವು: ಓದಿದವರಿಗೆ 40, ಬರೆದವರಿಗೆ 61. ಇದನ್ನು ಬೇರೆಯವರು, ಬೇರೆ ವಯಸ್ಸಿನವರ ಮೇಲೆ, ನಿಜವಾದ ತರಗತಿಗಳಲ್ಲೂ ಮತ್ತೆ ಮತ್ತೆ ನೋಡಿದ್ದಾರೆ. ನಿಂತಿದೆ. ರೋಡಿಗರ್ ಇನ್ನಿಬ್ಬರ ಜೊತೆ ಬರೆದ 2014ರ 'ಮೇಕ್ ಇಟ್ ಸ್ಟಿಕ್' ಈ ಬಗೆಯ ಫಲಿತಾಂಶಗಳ ಮೇಲೆಯೇ ಕಟ್ಟಿದ ಪುಸ್ತಕ. ಇಲ್ಲೂ ಬರೆದವರು ಪ್ರಯೋಗ ಮಾಡಿದವರೇ. ವ್ಯತ್ಯಾಸ ಇಷ್ಟೇ, ಬೇರೆಯವರ ಕೈಯಲ್ಲೂ ಅದು ಉಳಿದಿದೆ.

ಮೊದಲ ಐದು ನಿಮಿಷದ ಅಂಕಿ ನೋಡಿ ಅವಳಿಗೆ ನಗು ಬಂತು. ಪರೀಕ್ಷಾ ಹಾಲಿನ ಬಾಗಿಲವರೆಗೂ ನೋಟ್ಸ್ ತಿರುವಿ ಹಾಕುವುದು ಯಾಕೆ ಅಷ್ಟು ಸಮಾಧಾನ ಕೊಡುತ್ತದೆ ಅಂತ ಗೊತ್ತಾಯಿತಂತೆ.

ಈಗ ಬಸ್ಸು ಭರಮಸಾಗರ ಬಿಟ್ಟ ಮೇಲೆ ನೋಟ್ಸ್ ಮುಚ್ಚಿ, ನೆನಪಿದ್ದಷ್ಟನ್ನು ಹಾಳೆಯ ಮೇಲೆ ಬರೆಯುತ್ತಾಳೆ. ಬಸ್ಸಿನ ಕುಲುಕಾಟಕ್ಕೆ ಅಕ್ಷರ ಅವಳಿಗೇ ಓದಲು ಬರುವುದಿಲ್ಲ. ಪಾನಕ ಈಗಲೂ ತರುತ್ತಾಳೆ, ಬಿಸಿಲಿಗೆ.